ವಾಟ್ಸ್‌ಆ್ಯಪ್ ದೂರುಗಳಿಂದ ದೋಷದ ಟಿಕೆಟ್ ಬರೆಯುವುದು ಹೇಗೆ

ಸಣ್ಣ ತಂಡಗಳಲ್ಲಿ ತಂತ್ರಾಂಶ ನೋಡಿಕೊಳ್ಳುವ ಓದುಗರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: “ಬಳಕೆದಾರರು ಎಲ್ಲವನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೇಳುತ್ತಾರೆ, ತಂತ್ರಾಂಶ ಬರೆಯುವವರು ಟಿಕೆಟ್ ಕೇಳುತ್ತಾರೆ. ನಡುವೆ ನಾನು ಏನು ಮಾಡಬೇಕು?” ಟಿಕೆಟ್ ಎಂದರೆ ಒಂದು ದೋಷಕ್ಕೆ ಒಂದು ಕ್ರಮಸಂಖ್ಯೆ ಕೊಟ್ಟು, ಅದು ಸರಿಯಾಗುವವರೆಗೆ ತೆರೆದಿಡುವ ದಾಖಲೆ. ಅದರಲ್ಲಿ ಮೂರು ಭಾಗಗಳು ಇರಲೇಬೇಕು: ದೋಷವನ್ನು ಮತ್ತೆ ಕಾಣುವಂತೆ ಮಾಡುವ ಹಂತಗಳು, ಆಗ ಏನಾಗಬೇಕಿತ್ತು, ನಿಜಕ್ಕೂ ಏನಾಯಿತು. ಗುಂಪಿನ ಮಾತುಕತೆಯಲ್ಲಿ ಈ ಮೂರೂ ಚೂರು ಚೂರಾಗಿ ಬಿದ್ದಿರುತ್ತವೆ, ಕೆಲವು ಚೂರುಗಳು ಅಲ್ಲಿ ಇರುವುದೇ ಇಲ್ಲ. ಇರುವುದನ್ನು ಕೆಡದಂತೆ ಎತ್ತಿಕೊಳ್ಳುವುದು, ಇಲ್ಲದ್ದನ್ನು ಊಹೆಯಿಂದ ತುಂಬದೆ ಕೇಳಿ ಪಡೆಯುವುದು ನಿಮ್ಮ ಕೆಲಸ.

ನಾನು ನೋಡಿಕೊಂಡ ಒಂದು ಪ್ರಕರಣವನ್ನೇ ಇಲ್ಲಿ ಕೊನೆಯವರೆಗೂ ಹಿಡಿದು ಹೋಗುತ್ತೇನೆ. ಅದು ಒಂದು ವಾಚನಾಲಯದ ಸದಸ್ಯರ ಪಟ್ಟಿಯ ತಂತ್ರಾಂಶ. ಹೆಸರು ಹುಡುಕಿ ಪುಸ್ತಕ ಕೊಡುವುದು, ಶುಲ್ಕ ಪಡೆದು ರಸೀದಿ ಮುದ್ರಿಸುವುದು ಅದರ ಕೆಲಸ. ದೂರಿನ ಹೆಸರುಗಳನ್ನೂ ದಿನಾಂಕವನ್ನೂ ಇಲ್ಲಿ ಬದಲಿಸಿದ್ದೇನೆ.

ಬೇಕಾದದ್ದು

ಗುಂಪಿನ ಸಂಭಾಷಣೆಯ ಪ್ರತಿ, ದೋಷ ಕಂಡಂಥದೇ ಸಾಧನ, ಮತ್ತು ಸುಳ್ಳು ಮಾಹಿತಿ ತುಂಬಿ ಪ್ರಯೋಗ ಮಾಡಬಹುದಾದ ಒಂದು ಖಾತೆ. ಜೊತೆಗೆ ದೂರು ಕೊಟ್ಟವರೊಂದಿಗೆ ಹತ್ತು ನಿಮಿಷ ಮಾತನಾಡುವ ಅವಕಾಶ.

1. ಸಂಭಾಷಣೆಯನ್ನು ಕಡತವಾಗಿ ಇಳಿಸಿಕೊಳ್ಳಿ

ಗುಂಪಿನ ಪರದೆಯನ್ನು ಮೇಲಕ್ಕೆ ಕೆಳಕ್ಕೆ ಸರಿಸುತ್ತಾ ಟಿಕೆಟ್ ಬರೆಯಬೇಡಿ. ವಾಟ್ಸ್‌ಆ್ಯಪ್‌ನಲ್ಲಿ `Export chat` ಎಂಬ ಆಯ್ಕೆ ಇದೆ. ಅದರಲ್ಲಿ `Without media` ಆರಿಸಿದರೆ ಮಾತುಕತೆ ಪಠ್ಯ ಕಡತವಾಗಿ ಸಿಗುತ್ತದೆ. ನಮ್ಮ ಪ್ರಕರಣದಲ್ಲಿ ಸಿಕ್ಕ ತುಣುಕು ಹೀಗಿತ್ತು:

```
14/06/25, 10:42 am - ಕೌಂಟರ್ 1: ಹುಡುಕಾಟ ಮತ್ತೆ ಕೆಟ್ಟಿದೆ
14/06/25, 10:43 am - ಕೌಂಟರ್ 1: <Media omitted>
14/06/25, 10:51 am - ಶಾಖೆ: ನಮ್ಮಲ್ಲಿ ಸರಿಯಾಗಿದೆ
14/06/25, 11:05 am - ಕೌಂಟರ್ 2: ರಸೀದಿಯೂ ಬರುತ್ತಿಲ್ಲ
14/06/25, 11:06 am - ಕೌಂಟರ್ 1: ಸುರೇಶ್ ಎಂದರೆ ಸಿಗುತ್ತದೆ,
ಸುರೇಶ್ ಕುಮಾರ್ ಎಂದರೆ ಸಿಗುವುದಿಲ್ಲ
14/06/25, 11:20 am - ಕಚೇರಿ: ನನಗೂ ಹಾಗೆಯೇ
14/06/25, 12:31 pm - ಕೌಂಟರ್ 2: ಈಗ ಬಂತು
```

ಈ ಕಡತವನ್ನು ಓದುವಾಗ ಕೆಲವು ವಿಷಯಗಳು ನೆನಪಿನಲ್ಲಿರಲಿ. ಒಂದೇ ಸಂದೇಶ ಎರಡು ಸಾಲಿನದ್ದಾಗಿದ್ದರೆ ಎರಡನೆಯ ಸಾಲಿಗೆ ಸಮಯವಾಗಲಿ ಹೆಸರಾಗಲಿ ಇರುವುದಿಲ್ಲ, ಅದು ಮೇಲಿನ ಸಂದೇಶದ ಮುಂದುವರಿಕೆ. ಚಿತ್ರ ಇದ್ದ ಕಡೆ `<Media omitted>` ಎಂದಷ್ಟೇ ಕಾಣುತ್ತದೆ, ಹಾಗಾಗಿ ಚಿತ್ರಗಳನ್ನು ಗುಂಪಿನಿಂದ ಬೇರೆಯಾಗಿ ಉಳಿಸಿಕೊಳ್ಳಬೇಕು. ಧ್ವನಿ ಸಂದೇಶಗಳೂ ಹಾಗೆಯೇ. ಅವನ್ನು ಕೇಳಿ, ಹೇಳಿದ್ದನ್ನು ಹೇಳಿದಂತೆಯೇ ಬರೆದಿಡಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಬೇರೊಂದು. ಯಾರು ಯಾವ ಸಂದೇಶಕ್ಕೆ ಉತ್ತರಿಸಿದರು ಎಂಬ ಕೊಂಡಿ ಈ ಕಡತದಲ್ಲಿ ಇರುವುದಿಲ್ಲ. 11:20ರ “ನನಗೂ ಹಾಗೆಯೇ” ಹುಡುಕಾಟದ ಬಗ್ಗೆಯೋ ರಸೀದಿಯ ಬಗ್ಗೆಯೋ? ಕಡತದಿಂದ ತಿಳಿಯುವುದಿಲ್ಲ. ಇಂಥ ಸಾಲು ಕಂಡಾಗಲೆಲ್ಲ ಗುಂಪನ್ನೇ ತೆರೆದು, ಅದು ಯಾವ ಸಂದೇಶವನ್ನು ಹಿಡಿದು ಬರೆದದ್ದು ಎಂದು ನೋಡಿ. ಅಲ್ಲಿಯೂ ತಿಳಿಯದಿದ್ದರೆ ಬರೆದವರನ್ನೇ ಕೇಳಿ. ನಾನು ಕೇಳಿದಾಗ ಕಚೇರಿಯವರು ಹುಡುಕಾಟದ ಬಗ್ಗೆ ಹೇಳಿದ್ದರು ಎಂದು ಗೊತ್ತಾಯಿತು. ಕೇಳದೆ ಹಿಂದುಮುಂದಿನ ಸಾಲು ನೋಡಿ ಊಹಿಸಿದ್ದರೆ ಒಂದೇ ಜಾಗದಲ್ಲಿ ಕಂಡ ರಸೀದಿಯ ತೊಂದರೆಯನ್ನು ಎರಡು ಜಾಗದ್ದೆಂದು ಬರೆದುಬಿಡುವ ಸಾಧ್ಯತೆ ಇತ್ತು.

2. ಒಂದೊಂದು ದೋಷವನ್ನೂ ಬೇರ್ಪಡಿಸಿ

ಕಡತದ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕಿ: ಹುಡುಕಾಟಕ್ಕೆ “ಹು”, ರಸೀದಿಗೆ “ರ”. ಯಾವುದಕ್ಕೂ ಸೇರದ್ದಕ್ಕೆ ಅಡ್ಡಗೆರೆ. ಒಂದು ಟಿಕೆಟ್‌ಗೆ ಒಂದೇ ದೋಷ. ಎರಡು ದೋಷಗಳು ಒಂದೇ ಟಿಕೆಟ್‌ನಲ್ಲಿದ್ದರೆ ಒಂದು ಸರಿಯಾದಾಗ ಅದನ್ನು ಮುಚ್ಚುವಂತಿಲ್ಲ, ತೆರೆದಿಡುವಂತೆಯೂ ಇಲ್ಲ.

“ರ” ಗುರುತಿನ ಸಾಲುಗಳು ಎರಡೇ: ಬರುತ್ತಿಲ್ಲ, ಈಗ ಬಂತು. ಕೌಂಟರ್ 2ರವರನ್ನು ವಿಚಾರಿಸಿದೆ. ಮುದ್ರಣಯಂತ್ರದಲ್ಲಿ ಕಾಗದ ಮುಗಿದಿತ್ತು, ತುಂಬಿದ ಮೇಲೆ ಸಾಲಿನಲ್ಲಿದ್ದ ರಸೀದಿಗಳೆಲ್ಲ ಹೊರಬಂದವು. ಅದಕ್ಕೆ ಟಿಕೆಟ್ ಬೇಕಿಲ್ಲ. ಉಳಿದದ್ದು ಹುಡುಕಾಟ.

3. “ನಮ್ಮಲ್ಲಿ ಸರಿಯಾಗಿದೆ” ಎಂಬ ಸಾಲನ್ನು ಎತ್ತಿಡಿ

ದೂರುಗಳ ನಡುವೆ ಯಾರಾದರೂ ಹೀಗೆ ಹೇಳಿದರೆ ಅದನ್ನು ವಾದವೆಂದು ತಿಳಿದು ಬಿಟ್ಟುಬಿಡುವವರೇ ಹೆಚ್ಚು. ನನ್ನ ಅನುಭವದಲ್ಲಿ ಇಡೀ ಸಂಭಾಷಣೆಯಲ್ಲಿ ಅತ್ಯಂತ ಬೆಲೆಬಾಳುವ ಸಾಲು ಅದೇ. ದೋಷ ಎಲ್ಲಿ ಇದೆ ಎಂಬುದರ ಜೊತೆಗೆ ಎಲ್ಲಿ ಇಲ್ಲ ಎಂಬುದೂ ಗೊತ್ತಾದರೆ, ಆ ಎರಡು ಜಾಗಗಳ ನಡುವಿನ ವ್ಯತ್ಯಾಸದಲ್ಲೇ ಕಾರಣ ಅಡಗಿರುತ್ತದೆ.

ನಮ್ಮ ತುಣುಕಿನಲ್ಲಿ ಅಂಥ ಎರಡು ವ್ಯತ್ಯಾಸಗಳಿವೆ. ಕೌಂಟರ್ 1ರಲ್ಲಿ ಸಿಗದ ಹೆಸರು ಶಾಖೆಯಲ್ಲಿ ಸಿಗುತ್ತದೆ. ಕೌಂಟರ್ 1ರಲ್ಲೇ “ಸುರೇಶ್” ಎಂದರೆ ಸಿಗುತ್ತದೆ, “ಸುರೇಶ್ ಕುಮಾರ್” ಎಂದರೆ ಇಲ್ಲ. ಇವೆರಡನ್ನೂ ಟಿಕೆಟ್‌ಗೆ ಒಯ್ಯಬೇಕು.

4. ಇಲ್ಲದ್ದನ್ನು ಕೇಳಿ, ಆದರೆ ಉತ್ತರವನ್ನು ಬಾಯಿಗೆ ಇಡಬೇಡಿ

“ಇಂಟರ್ನೆಟ್ ನಿಧಾನವಿತ್ತೇ?” ಎಂದು ಕೇಳಿದರೆ ಜನ ಹೌದೆನ್ನುತ್ತಾರೆ. ಎಲ್ಲರ ಇಂಟರ್ನೆಟ್ಟೂ ಯಾವಾಗಲೋ ಒಮ್ಮೆ ನಿಧಾನವಾಗಿರುತ್ತದೆ. ಹೀಗೆ ಕೇಳಿ: “ಮೇಡಂ, ಕೊನೆಯ ಸಲ ಹೀಗಾದಾಗ ಯಾವ ಸಾಧನದ ಮುಂದಿದ್ದಿರಿ? ಏನು ಟೈಪ್ ಮಾಡಿದಿರಿ? ಪರದೆಯ ಮೇಲೆ ಏನು ಬರೆದು ಬಂತು?” ಈ ಮೂರು ಪ್ರಶ್ನೆ ಸಾಕು. ಹತ್ತು ಪ್ರಶ್ನೆಗಳ ಪಟ್ಟಿ ಕಳಿಸಿದರೆ ಮೊದಲನೆಯದಕ್ಕೂ ಉತ್ತರ ಬರುವುದಿಲ್ಲ.

ಸಮಯದ ವಿಷಯದಲ್ಲಿ ಒಂದು ಎಚ್ಚರಿಕೆ. ಕಡತದಲ್ಲಿರುವುದು ಸಂದೇಶ ಕಳಿಸಿದ ಸಮಯ, ದೋಷ ಕಂಡ ಸಮಯವಲ್ಲ. ತಂತ್ರಾಂಶ ತನ್ನಷ್ಟಕ್ಕೆ ಬರೆದಿಡುವ ಚಟುವಟಿಕೆಯ ದಾಖಲೆಗೆ ಲಾಗ್ ಎನ್ನುತ್ತಾರೆ. ತಂತ್ರಾಂಶದವರು ನೀವು ಕೊಟ್ಟ ಸಮಯ ಹಿಡಿದು ಅದನ್ನು ತಡಕುತ್ತಾರೆ. ಬೆಳಿಗ್ಗೆ ಒಂಬತ್ತಕ್ಕೆ ಕಂಡದ್ದನ್ನು ಜನಸಂದಣಿ ಕರಗಿದ ಮೇಲೆ 10:42ಕ್ಕೆ ಬರೆದಿದ್ದರೆ ಅವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ನಿಜವಾದ ಸಮಯ ಗೊತ್ತಿಲ್ಲದಿದ್ದರೆ “10:42ಕ್ಕೆ ಮೊದಲು” ಎಂದು ಬರೆಯಿರಿ.

ಹೀಗೆ ಕೇಳಿ ಪಡೆದ ಉತ್ತರಗಳಿಂದ ಕೆಲವು ಸಂಗತಿ ಹೊರಬಂದವು. ಕೌಂಟರ್ 1ರವರು ಬಳಸುತ್ತಿದ್ದದ್ದು ಹೊಸದಾಗಿ ಬಂದ ಟ್ಯಾಬ್ಲೆಟ್. ಕಚೇರಿಯವರು ಬಳಸುತ್ತಿದ್ದದ್ದು ಮೊಬೈಲ್. ಶಾಖೆಯಲ್ಲಿ ಮಾತ್ರ ಹಳೆಯ ಕಂಪ್ಯೂಟರ್ ಇತ್ತು, ಸದಸ್ಯರ ಪಟ್ಟಿಯನ್ನು ಮೊದಲು ಟೈಪ್ ಮಾಡಿದ್ದೂ ಅದರಲ್ಲೇ. ಪರದೆಯ ಮೇಲೆ ಬಂದ ಮಾತು “ಯಾವ ಸದಸ್ಯರೂ ಸಿಗಲಿಲ್ಲ” ಎಂಬುದು.

5. ನೀವೇ ಮಾಡಿ ನೋಡಿ, ಹಂತಗಳನ್ನು ಆಗ ಬರೆಯಿರಿ

ದೋಷವನ್ನು ಮರುಕಳಿಸುವಂತೆ ಮಾಡುವ ಹಂತಗಳನ್ನು ಕೇಳಿದ್ದರಿಂದ ಬರೆಯಬಾರದು, ಮಾಡಿದ್ದರಿಂದ ಬರೆಯಬೇಕು. ತಂತ್ರಾಂಶವನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಲಾಗಿನ್ ಆದ ಕ್ಷಣದಿಂದ ಬೆರಳು ಮುಟ್ಟಿದ ಪ್ರತಿಯೊಂದನ್ನೂ ಒಂದೊಂದು ಸಾಲಾಗಿ ಬರೆಯಿರಿ. ನಂತರ ಈ ವಾಚನಾಲಯವನ್ನು ಎಂದೂ ನೋಡದ ಸಹೋದ್ಯೋಗಿಯ ಕೈಗೆ ಆ ಹಾಳೆ ಕೊಟ್ಟು, ಒಂದು ಮಾತೂ ಆಡದೆ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಎಲ್ಲಿ ತಲೆಯೆತ್ತಿ ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಒಂದು ಹಂತ ಬಿಟ್ಟುಹೋಗಿದೆ.

ಮೊದಲ ಪ್ರಯತ್ನದಲ್ಲಿ ನನಗೆ ಈ ದೋಷ ಕಾಣಲೇ ಇಲ್ಲ. ಏಕೆಂದರೆ ಪರೀಕ್ಷೆಗೆಂದು ನನ್ನ ಮೊಬೈಲಿನಲ್ಲೇ ಒಬ್ಬ ಸದಸ್ಯನ ಹೆಸರು ಸೇರಿಸಿ, ಅದೇ ಮೊಬೈಲಿನಲ್ಲೇ ಹುಡುಕಿದೆ. ಸಿಕ್ಕಿತು. ಹೆಸರು ಸೇರಿಸಿದ ಜಾಗ ಒಂದು, ಹುಡುಕಿದ ಜಾಗ ಇನ್ನೊಂದು ಆಗಿರಬೇಕು ಎಂಬುದು ಮೂರನೆಯ ಹಂತದ ವ್ಯತ್ಯಾಸವನ್ನು ಮತ್ತೆ ಓದಿದಾಗ ಹೊಳೆಯಿತು. ಶಾಖೆಯ ಕಂಪ್ಯೂಟರಿನಲ್ಲಿ ಹೆಸರು ಸೇರಿಸಿಸಿ ಮೊಬೈಲಿನಲ್ಲಿ ಹುಡುಕಿದೆ. ಐದು ಸಲ ಹುಡುಕಿದರೆ ಐದು ಸಲವೂ ಸಿಗಲಿಲ್ಲ. ಈ ಎಣಿಕೆಯನ್ನೂ ಬರೆಯಿರಿ. “ಯಾವಾಗಲೂ” ಎಂಬ ಮಾತಿಗಿಂತ “5ರಲ್ಲಿ 5” ಎಂಬುದು ಸ್ಪಷ್ಟ. ಹತ್ತರಲ್ಲಿ ಎರಡು ಸಲ ಮಾತ್ರ ಆಗುವ ದೋಷವಾದರೆ ಅದೂ ತಂತ್ರಾಂಶದವರಿಗೆ ಬೇಕಾದ ಸುಳಿವು.

6. ಅಕ್ಷರಗಳನ್ನು ಮತ್ತೆ ಟೈಪ್ ಮಾಡಬೇಡಿ

ಕನ್ನಡ ಪಠ್ಯ ಇರುವ ಯಾವ ತಂತ್ರಾಂಶಕ್ಕೂ ಈ ಹಂತ ಬೇಕಾದದ್ದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತೊಂದರೆ ಕೊಟ್ಟ ಹೆಸರನ್ನು ನೋಡಿಕೊಂಡು ನಿಮ್ಮ ಕೀಲಿಮಣೆಯಲ್ಲಿ ಟೈಪ್ ಮಾಡಿ ಟಿಕೆಟ್‌ಗೆ ಹಾಕಿದರೆ ದೋಷವೇ ಮಾಯವಾಗಬಹುದು. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಪದಗಳು ಕಂಪ್ಯೂಟರಿನ ಒಳಗೆ ಬೇರೆಯಾಗಿರಬಹುದು. ಪರದೆಯ ಚಿತ್ರ ಕಳಿಸಿದರೂ ಅಷ್ಟೇ, ಚಿತ್ರದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ಪದವನ್ನು ಮೂಲ ಜಾಗದಿಂದಲೇ ಆರಿಸಿ, ನಕಲಿಸಿ, ಟಿಕೆಟ್‌ನಲ್ಲಿ ಅಂಟಿಸಿ.

ಒಳಗಿನ ಸಂಕೇತಗಳನ್ನು ನೋಡಬೇಕೆಂದರೆ ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಈ ಆಜ್ಞೆ ಕೊಟ್ಟು, ಪದವನ್ನು ಅಂಟಿಸಿ ಎಂಟರ್ ಒತ್ತಿ:

```
python3 -c "print([hex(ord(c)) for c in input()])"
```

ಶಾಖೆಯ ಕಂಪ್ಯೂಟರಿನಿಂದ ಬಂದ “ಸುರೇಶ್” ಮತ್ತು ಮೊಬೈಲಿನಿಂದ ಬಂದ “ಸುರೇಶ್” ಹೀಗಿದ್ದವು:

```
['0xcb8', '0xcc1', '0xcb0', '0xcc7', '0xcb6', '0xccd', '0x200c']
['0xcb8', '0xcc1', '0xcb0', '0xcc7', '0xcb6', '0xccd']
```

ಮೊದಲ ಸಾಲಿನ ಕೊನೆಯಲ್ಲಿರುವ `0x200c` ಎಂಬುದು ಅಗಲವೇ ಇಲ್ಲದ, ಕಣ್ಣಿಗೆ ಕಾಣದ ಸಂಕೇತ. ಎರಡು ವ್ಯಂಜನಗಳು ಸೇರಿ ಒತ್ತಕ್ಷರವಾಗದಂತೆ ತಡೆಯುವುದು ಅದರ ಕೆಲಸ. ಕನ್ನಡದ ಕೆಲವು ಕೀಲಿಮಣೆ ತಂತ್ರಾಂಶಗಳು ಅರ್ಧಾಕ್ಷರ ಬರೆದಾಗಲೆಲ್ಲ ಇದನ್ನು ತಾವಾಗಿಯೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಈಗ ಕೌಂಟರ್ 1ರವರ ವಿಚಿತ್ರ ದೂರು ಅರ್ಥವಾಗುತ್ತದೆ. “ಸುರೇಶ್” ಎಂದು ಹುಡುಕಿದಾಗ ಆ ಆರು ಸಂಕೇತಗಳು ಪಟ್ಟಿಯ ಹೆಸರಿನ ಆರಂಭದಲ್ಲೇ ಇವೆ, ಹಾಗಾಗಿ ಸಿಗುತ್ತದೆ. “ಸುರೇಶ್ ಕುಮಾರ್” ಎಂದಾಗ ಶ್ ಆದ ಕೂಡಲೇ ಖಾಲಿ ಜಾಗ ಬರಬೇಕು, ಪಟ್ಟಿಯಲ್ಲಿ ಅವೆರಡರ ನಡುವೆ ಕಾಣದ ಸಂಕೇತ ಕುಳಿತಿದೆ. ಹೊಂದುವುದಿಲ್ಲ.

ಇಲ್ಲಿಯೇ ಇನ್ನೊಂದು ಅಪಾಯವೂ ಇದೆ. ಸದಸ್ಯರ ನಿಜವಾದ ಹೆಸರು, ಫೋನ್ ಸಂಖ್ಯೆಗಳನ್ನು ಟಿಕೆಟ್‌ಗೆ ಹಾಕಬಾರದು, ಬದಲಿ ಹೆಸರು ಬಳಸಬೇಕು. ಆದರೆ ಬದಲಿ ಹೆಸರಿನಲ್ಲೂ ದೋಷ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. “ಸುರೇಶ್ ಕುಮಾರ್” ಜಾಗದಲ್ಲಿ “ಸೀತಾ ದೇವಿ” ಎಂದು ಹಾಕಿದರೆ ಅರ್ಧಾಕ್ಷರವೇ ಇಲ್ಲ, ಹುಡುಕಾಟ ಚೆನ್ನಾಗಿಯೇ ನಡೆಯುತ್ತದೆ, ತಂತ್ರಾಂಶದವರು “ದೋಷ ಕಾಣಲಿಲ್ಲ” ಎಂದು ಟಿಕೆಟ್ ಮುಚ್ಚುತ್ತಾರೆ.

7. ನಿರೀಕ್ಷೆ, ವಾಸ್ತವ, ಊಹೆ: ಮೂರನ್ನೂ ಬೇರೆ ಬೇರೆ ಇಡಿ

ನಿರೀಕ್ಷಿತ ನಡವಳಿಕೆ ಎಂಬ ಜಾಗದಲ್ಲಿ “ಸರಿಯಾಗಿ ಕೆಲಸ ಮಾಡಬೇಕು” ಎಂದು ಬರೆದರೆ ಏನನ್ನೂ ಬರೆದಂತಾಗಲಿಲ್ಲ. ಪರದೆಯ ಮೇಲೆ ಏನು ಕಾಣಬೇಕಿತ್ತು ಎಂದು ಬರೆಯಿರಿ, ಆ ನಿರೀಕ್ಷೆ ಎಲ್ಲಿಂದ ಬಂತು ಎಂಬುದನ್ನೂ ಸೇರಿಸಿ: ಕೈಪಿಡಿಯಲ್ಲಿದೆಯೇ, ಮೊದಲು ಹಾಗೆ ನಡೆಯುತ್ತಿತ್ತೇ, ಇನ್ನೊಂದು ಸಾಧನದಲ್ಲಿ ಹಾಗೆ ನಡೆಯುತ್ತದೆಯೇ? ಯಾವುದೂ ಅಲ್ಲ, ಬಳಕೆದಾರರಿಗೆ ಹಾಗಿದ್ದರೆ ಚೆನ್ನ ಎನಿಸಿದೆ ಎಂದಾದರೆ ಅದು ದೋಷವಲ್ಲ, ಹೊಸ ಬೇಡಿಕೆ. ಅದಕ್ಕೆ ಬೇರೆ ಟಿಕೆಟ್ ತೆರೆಯಿರಿ.

ವಾಸ್ತವದ ಜಾಗದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ, ದೋಷದ ಸಂದೇಶವನ್ನು ಅಕ್ಷರ ಬಿಡದೆ ನಕಲಿಸಿ. “ಹುಡುಕಾಟ ಕೆಟ್ಟಿದೆ” ಎಂಬುದು ತೀರ್ಮಾನ. “‘ಯಾವ ಸದಸ್ಯರೂ ಸಿಗಲಿಲ್ಲ’ ಎಂದು ಬರುತ್ತದೆ” ಎಂಬುದು ಕಂಡದ್ದು.

ಕಾರಣ ನಿಮಗೆ ಹೊಳೆದಿದ್ದರೆ ಕೊನೆಯಲ್ಲಿ ಊಹೆ ಎಂದೇ ಹೆಸರಿಟ್ಟು ಬರೆಯಿರಿ. ಶೀರ್ಷಿಕೆಗೆ ಮಾತ್ರ ಅದನ್ನು ತರಬೇಡಿ. “ಪಟ್ಟಿಯಿಂದ ಕಾಣದ ಸಂಕೇತ ತೆಗೆಯಿರಿ” ಎಂದು ನಾನು ಶೀರ್ಷಿಕೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನು ಒಂಬತ್ತನೆಯ ಹಂತದಲ್ಲಿ ನೋಡುತ್ತೀರಿ.

ನಮ್ಮ ಟಿಕೆಟ್ ಕೊನೆಗೆ ಹೀಗೆ ನಿಂತಿತು:

```
ಶೀರ್ಷಿಕೆ: ಕಂಪ್ಯೂಟರಿನಲ್ಲಿ ಸೇರಿಸಿದ ಪೂರ್ಣ ಹೆಸರು
          ಮೊಬೈಲ್ ಹುಡುಕಾಟದಲ್ಲಿ ಸಿಗುವುದಿಲ್ಲ

ಹಂತಗಳು
1. ಶಾಖೆಯ ಕಂಪ್ಯೂಟರಿನಲ್ಲಿ “ಹೊಸ ಸದಸ್ಯ” ಒತ್ತಿ
   “ಸುರೇಶ್‌ ಕುಮಾರ್‌” ಎಂದು ಸೇರಿಸಿ, ಉಳಿಸಿ.
2. ಮೊಬೈಲಿನಲ್ಲಿ ಲಾಗಿನ್ ಆಗಿ “ಸದಸ್ಯರು” ಪುಟ ತೆರೆಯಿರಿ.
3. “ಸುರೇಶ್ ಕುಮಾರ್” ಎಂದು ಟೈಪ್ ಮಾಡಿ, ಹುಡುಕಿ.

ನಿರೀಕ್ಷೆ: ಹಂತ 1ರ ಸದಸ್ಯ ಪಟ್ಟಿಯಲ್ಲಿ ಕಾಣಬೇಕು
          (ಶಾಖೆಯ ಕಂಪ್ಯೂಟರಿನಲ್ಲಿ ಹುಡುಕಿದರೆ ಕಾಣುತ್ತದೆ).
ವಾಸ್ತವ:  “ಯಾವ ಸದಸ್ಯರೂ ಸಿಗಲಿಲ್ಲ” ಎಂದು ಬರುತ್ತದೆ. 5ರಲ್ಲಿ 5.
ಕಾಣದಿರುವುದು: “ಸುರೇಶ್” ಎಂದಷ್ಟೇ ಹುಡುಕಿದರೆ ದೋಷವಿಲ್ಲ.
ಮೊದಲ ದೂರು: 14/06/25, 10:42ಕ್ಕೆ ಮೊದಲು, ಕೌಂಟರ್ 1
ಊಹೆ: ಹೆಸರಿನೊಳಗಿನ 0x200c
```

ಇದರ ಜೊತೆಗೆ ಸಾಧನದ ಮಾದರಿ, ತಂತ್ರಾಂಶದ ಆವೃತ್ತಿ, ಕೀಲಿಮಣೆಯ ಹೆಸರು, ಗುಂಪಿನ ಮೂಲ ಸಾಲುಗಳು ಲಗತ್ತಾಗಿ ಹೋದವು. ಕೀಲಿಮಣೆಯ ಹೆಸರು ಕನ್ನಡ ದೋಷಗಳಲ್ಲಿ ಎಷ್ಟೋ ಸಲ ಬಿಟ್ಟುಹೋಗುತ್ತದೆ. ಅದಕ್ಕೊಂದು ಜಾಗ ಖಾಯಂ ಇರಲಿ.

8. ಟಿಕೆಟನ್ನು ನಮೂನೆಯಾಗಿ ಮಾಡಿ

ಇದೇ ಟಿಕೆಟ್‌ನಿಂದ ಈ ಪ್ರಕರಣದ ಮಾಹಿತಿ ಅಳಿಸಿ ಶೀರ್ಷಿಕೆಗಳನ್ನು ಉಳಿಸಿಕೊಂಡರೆ ನಮೂನೆ ಸಿದ್ಧ. ಗಿಟ್‌ಹಬ್ ಬಳಸುವವರು ಅದನ್ನು `.github/ISSUE_TEMPLATE/bug.md` ಎಂದು ಉಳಿಸಿದರೆ ಹೊಸ ಟಿಕೆಟ್ ತೆರೆಯುವಾಗ ಅದು ತಾನಾಗಿ ಕಾಣುತ್ತದೆ. ಕಡತ ಯೋಜನೆಯ ಡೀಫಾಲ್ಟ್ ಬ್ರಾಂಚಿನಲ್ಲಿರಬೇಕು, ಮತ್ತು ಅದರ ತಲೆಯಲ್ಲಿ `name`, `about` ಎರಡೂ ಇರಬೇಕು:

```
---
name: ದೋಷ ವರದಿ
about: ಒಂದು ಟಿಕೆಟ್‌ಗೆ ಒಂದೇ ದೋಷ
---
## ಸಾಧನ, ಆವೃತ್ತಿ, ಕೀಲಿಮಣೆ
## ಹಂತಗಳು
1.
## ನಿರೀಕ್ಷೆ (ಯಾವ ಆಧಾರದಿಂದ?)
## ವಾಸ್ತವ (ಎಷ್ಟರಲ್ಲಿ ಎಷ್ಟು ಸಲ?)
## ಎಲ್ಲಿ ಕಾಣುವುದಿಲ್ಲ?
## ಗುಂಪಿನ ಮೂಲ ಸಾಲುಗಳು
## ಊಹೆ
```

ಗಿಟ್‌ಲ್ಯಾಬ್‌ನಲ್ಲಾದರೆ `.gitlab/issue_templates/` ಎಂಬ ಕಡತಕೋಶದಲ್ಲಿ ಇಡಬೇಕು, ತಲೆಯ ಆ ನಾಲ್ಕು ಸಾಲು ಬೇಕಿಲ್ಲ. ಈ ನಮೂನೆಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ “ಇನ್ನು ಮುಂದೆ ಹೀಗೇ ಬರೆಯಿರಿ” ಎಂದು ಕೇಳಬೇಡಿ. ಕೌಂಟರಿನಲ್ಲಿ ಸಾಲು ನಿಂತಿರುವಾಗ ಯಾರೂ ಏಳು ಜಾಗ ತುಂಬುವುದಿಲ್ಲ, ದೂರು ಕೊಡುವುದನ್ನೇ ನಿಲ್ಲಿಸುತ್ತಾರೆ. ತುಂಬುವ ಕೆಲಸ ನಿಮ್ಮದು. ಗುಂಪಿಗೆ ಟಿಕೆಟ್‌ನ ಸಂಖ್ಯೆಯನ್ನೂ ಒಂದು ಸಾಲಿನ ವಿವರವನ್ನೂ ಹಾಕಿ, ಮೊದಲು ದೂರಿದವರ ಸಂದೇಶಕ್ಕೆ ಉತ್ತರವಾಗಿಯೇ ಹಾಕಿ.

9. ಮುಚ್ಚುವ ಮೊದಲು ಅದೇ ಹಂತಗಳನ್ನು ನಡೆಸಿ

ಸರಿಯಾಯಿತು ಎಂಬ ಸುದ್ದಿ ಬಂದಾಗ ಟಿಕೆಟ್‌ನ ಹಂತಗಳನ್ನು ಬರೆದಂತೆಯೇ ಮತ್ತೆ ಮಾಡಿ, ಆಮೇಲೆ ತಿರುಗಿಸಿ ಮಾಡಿ. ನಾವು ಮೊಬೈಲಿನಲ್ಲಿ ಸೇರಿಸಿದ ಹೆಸರನ್ನು ಕಂಪ್ಯೂಟರಿನಲ್ಲಿಯೂ ಹುಡುಕಿ ನೋಡಿದೆವು. ತಂತ್ರಾಂಶದವರು ಪಟ್ಟಿಯ ಹೆಸರುಗಳನ್ನು ಮುಟ್ಟಿರಲಿಲ್ಲ. ಹುಡುಕುವ ಪದ ಮತ್ತು ಹೆಸರು, ಎರಡರಿಂದಲೂ `0x200c` ಬಿಟ್ಟು ಹೋಲಿಸುವಂತೆ ಮಾಡಿದ್ದರು. ಅದು ಸರಿಯಾದ ದಾರಿ. ಪಟ್ಟಿಯಿಂದಲೇ ಅದನ್ನು ಅಳಿಸಿದ್ದರೆ “ರಾಜ್‌ಕುಮಾರ್” ಎಂಬ ಸದಸ್ಯರ ಗುರುತಿನ ಚೀಟಿ ಮರುದಿನ “ರಾಜ್ಕುಮಾರ್” ಎಂದು ಮುದ್ರಣವಾಗುತ್ತಿತ್ತು. ಆ ಹೆಸರಿನ ಚೀಟಿಯೊಂದನ್ನೂ ಮುದ್ರಿಸಿ ನೋಡಿದ ಮೇಲೆಯೇ ಟಿಕೆಟ್ ಮುಚ್ಚಿದೆ.